ಲೊಕೇಶನ್ ಫೋಟೋದಿಂದ ಸ್ಟೋರಿಬೋರ್ಡ್: ಫಿಲ್ಟರ್ ಸಾಕಾ, ಕೈಯಲ್ಲೇ ಎಳೆಯಬೇಕಾ?

ನಾವು ಮಾಡಿದ್ದು ನಾಲ್ಕು ನಿಮಿಷದ ಕಿರುಚಿತ್ರ. ಸಂಜೆ ಹೊತ್ತು ಒಬ್ಬ ಹುಡುಗಿ ಖಾಲಿ ಕಾರಿಡಾರ್ ದಾಟಿ, ಮೆಟ್ಟಿಲು ಹತ್ತಿ, ಮೇಲಿನ ಕೋಣೆಯ ಬೀಗದಕೈ ವಾಪಸ್ ಇಟ್ಟು ಬರಬೇಕು. ಕಥೆ ಅಷ್ಟೇ. ಶೂಟಿಂಗಿಗೆ ಮೊದಲು ಶಾಟುಗಳನ್ನು ಚಿತ್ರವಾಗಿ ಬರೆದಿಡುವ ಸ್ಟೋರಿಬೋರ್ಡ್‌ಗೆ 22 ಫ್ರೇಮ್ ಬೇಕಿತ್ತು. ತಂಡದಲ್ಲಿ ಚಿತ್ರ ಬಿಡಿಸಲು ಬರುತ್ತಿದ್ದವರು ಒಬ್ಬರೂ ಇರಲಿಲ್ಲ. ಆದರೆ ಫೋನಿನಲ್ಲಿ ಜಾಗದ ಫೋಟೋ ನೂರಾರು ಇದ್ದವು. ಅವನ್ನೇ ಚಿತ್ರ ಮಾಡೋಣ ಅಂದುಕೊಂಡೆವು.

ಹಾಗೆ ಮಾಡಲು ಮೂರು ದಾರಿಗಳಿವೆ. ಫೋಟೋಗೆ ಪೆನ್ಸಿಲ್ ಫಿಲ್ಟರ್ ಹಾಕಬಹುದು. ಪ್ರಿಂಟ್ ತೆಗೆದು ಮೇಲೆ ಕಾಗದ ಇಟ್ಟು ಪೆನ್ನಿನಲ್ಲಿ ಟ್ರೇಸ್ ಮಾಡಬಹುದು. ಇಲ್ಲವೇ ಕಂಪ್ಯೂಟರಿನಲ್ಲಿ ಫೋಟೋ ಮೇಲೊಂದು ಲೇಯರ್ ಇಟ್ಟು ಎಳೆಯಬಹುದು. ನಾವು ಮೂರನ್ನೂ ಮಾಡಿ ನೋಡಿದೆವು. ಎರಡು ಸಲ ಎಲ್ಲವನ್ನೂ ತೆಗೆದು ಹಾಕಿದೆವು. ಯಾವ ದಾರಿಯಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆಯಲ್ಲ. ಇಪ್ಪತ್ತೆರಡೂ ಒಬ್ಬರೇ ಬರೆದ ಹಾಗೆ ಕಾಣುತ್ತವಾ ಅನ್ನೋದೇ ಪ್ರಶ್ನೆ. ನಡುವೆ ಒಂದು ಫ್ರೇಮ್ ಸುಮ್ನೆ ಕಪ್ಪಾಗಿ ಬಂದರೆ, ನೋಡುವವರು "ಇಲ್ಲಿ ರಾತ್ರಿ ಆಯ್ತಾ?" ಅಂತ ಕೇಳುತ್ತಾರೆ.

ಯಾವ ದಾರಿಯಾದರೂ ಮೊದಲು ಕ್ರಾಪ್

ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ದಂಡ, ಹಾಗಾಗಿ ಮೊದಲೇ ಹೇಳುತ್ತೇನೆ. ಫೋನಿನ ಫೋಟೋ ಸಾಮಾನ್ಯವಾಗಿ 4:3. ನಮ್ಮ ಚಿತ್ರದ ಫ್ರೇಮ್ 16:9. ಫೋನಿನ ಮುಖ್ಯ ಕ್ಯಾಮೆರಾ ಕಾಣುವಷ್ಟು ಅಗಲವನ್ನು ನಿಮ್ಮ ಶೂಟಿಂಗ್ ಲೆನ್ಸ್ ಬಹುಶಃ ಕಾಣುವುದಿಲ್ಲ. ಫೋಟೋ ನೋಡಿಕೊಂಡು ಬರೆದ ಫ್ರೇಮಿನಲ್ಲಿ ಎರಡೂ ಗೋಡೆ ಬರುತ್ತವೆ. ಶೂಟಿಂಗ್ ದಿನ ಒಂದೂ ಬರುವುದಿಲ್ಲ.

ಲೆಕ್ಕ ಸುಲಭ. ಬಹಳಷ್ಟು ಫೋನುಗಳ ಮುಖ್ಯ ಕ್ಯಾಮೆರಾ ಫುಲ್ ಫ್ರೇಮ್ ಲೆಕ್ಕದಲ್ಲಿ ಸುಮಾರು 26 ಮಿ.ಮೀ. ಲೆನ್ಸಿಗೆ ಸಮ. ನಮ್ಮದು ಎಪಿಎಸ್-ಸಿ ಕ್ಯಾಮೆರಾ, ಅದರ ಸೆನ್ಸರಿಗಿಂತ ಫುಲ್ ಫ್ರೇಮ್ ಸುಮಾರು 1.5 ಪಟ್ಟು ಅಗಲ. ಲೆನ್ಸ್ 35 ಮಿ.ಮೀ. ಅದನ್ನು 1.5ರಿಂದ ಗುಣಿಸಿದರೆ ಸುಮಾರು 52 ಆಯಿತು. 26ಕ್ಕೆ 52 ಎರಡರಷ್ಟು. ಅಂದರೆ ಫೋಟೋದ ಅಗಲದಲ್ಲಿ ಅರ್ಧ ಮಾತ್ರ ಉಳಿಸಿ ಕ್ರಾಪ್ ಮಾಡಿದರೆ ಶೂಟಿಂಗ್ ಲೆನ್ಸ್ ಕಾಣುವುದಕ್ಕೆ ಹತ್ತಿರ ಬರುತ್ತದೆ. 4000 ಪಿಕ್ಸೆಲ್ ಅಗಲದ ಫೋಟೋದಲ್ಲಿ 2000 ಉಳಿಯುತ್ತದೆ. 1920 × 1080ರ ಫ್ರೇಮಿಗೆ ಅಷ್ಟು ಸಾಕು.

ಕ್ರಾಪ್ ಮಾಡಿದರೆ ಪರ್ಸ್ಪೆಕ್ಟಿವ್ ಕೆಡಲ್ವಾ ಅಂತ ಕೇಳುವವರಿದ್ದಾರೆ. ಕೆಡುವುದಿಲ್ಲ. ಪರ್ಸ್ಪೆಕ್ಟಿವ್ ತೀರ್ಮಾನ ಆಗೋದು ಕ್ಯಾಮೆರಾ ಎಲ್ಲಿ ಇದೆ ಅನ್ನುವುದರಿಂದ. ಲೆನ್ಸ್ ಅದರಲ್ಲಿ ಎಷ್ಟು ಭಾಗವನ್ನು ತೋರಿಸಬೇಕು ಅಂತ ಹೇಳುತ್ತದೆ, ಅಷ್ಟೇ. ಆದ್ದರಿಂದ ಫೋಟೋ ತೆಗೆಯುವಾಗ ಟ್ರೈಪಾಡ್ ನಿಲ್ಲುವ ಜಾಗದಲ್ಲೇ, ಅದೇ ಎತ್ತರದಲ್ಲೇ ಫೋನ್ ಹಿಡಿಯಿರಿ, ನೆಟ್ಟಗೆ ಹಿಡಿಯಿರಿ. ಎತ್ತರ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಅದು ಮುಂದೆ ಬೇಕಾಗುತ್ತದೆ. 0.5x ಬಟನ್ ಮುಟ್ಟಬೇಡಿ. ಅದರಲ್ಲಿ ಅಂಚಿನ ಬಾಗಿಲು, ಕಂಬ ಎಲ್ಲ ಹೊರಕ್ಕೆ ಎಳೆದ ಹಾಗೆ ಕಾಣುತ್ತವೆ. ಅದನ್ನೇ ಟ್ರೇಸ್ ಮಾಡಿದರೆ ಉಳಿದ ಫ್ರೇಮುಗಳ ಪಕ್ಕ ಅದೊಂದು ಬೇರೆ ಕಟ್ಟಡದ್ದು ಅನಿಸುತ್ತದೆ.

ಕ್ರಾಪ್ ಆದಮೇಲೆ ಎಲ್ಲ ಫೋಟೋಗಳನ್ನೂ ಒಂದೇ ಅಳತೆಗೆ, 1920 × 1080ಕ್ಕೆ ತನ್ನಿ. ಆಮೇಲೆ ಗೆರೆ ಎಳೆಯಿರಿ. ಉಲ್ಟಾ ಮಾಡಿ, ದೊಡ್ಡ ಚಿತ್ರದಲ್ಲಿ ಗೆರೆ ಎಳೆದು ಆಮೇಲೆ ಕ್ರಾಪ್ ಮಾಡಿ ಹಿಗ್ಗಿಸಿದರೆ ಗೆರೆಯೂ ಹಿಗ್ಗುತ್ತದೆ. ಕ್ಲೋಸ್‌ಅಪ್ ಫ್ರೇಮುಗಳಲ್ಲಿ ಮಾತ್ರ ಗೆರೆ ದಪ್ಪ ಅಂತ ಯಾರಾದರೂ ಹೇಳಿದರೆ, ತಪ್ಪು ಬಹುತೇಕ ಇಲ್ಲೇ ಇರುತ್ತದೆ.

ಫಿಲ್ಟರ್: ಬೇಗ ಆಗುತ್ತದೆ, ಬೇಗ ಕೈಕೊಡುತ್ತದೆ

ಮೊದಲು ಹಿಡಿದದ್ದು ಇದೇ ದಾರಿ. ಇಮೇಜ್‌ಮ್ಯಾಜಿಕ್ ಅನ್ನುವ ಉಚಿತ ಪ್ರೋಗ್ರಾಮ್ ಇದ್ದರೆ ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್‌ನಲ್ಲಿ ಒಂದೇ ಸಾಲು ಟೈಪ್ ಮಾಡಿದರೆ ಸಾಕು:

```
magick 07.png -colorspace Gray \( +clone -negate -blur 0x6 \) -compose ColorDodge -composite 07-line.png
```

ಇದು ಫೋಟೋವನ್ನು ಕಪ್ಪು ಬಿಳುಪು ಮಾಡಿ, ಅದರ ಮಸುಕಾದ ಪ್ರತಿಯಿಂದ ಭಾಗಿಸುತ್ತದೆ. ಬೆಳಕು ತಟ್ಟನೆ ಬದಲಾಗುವ ಕಡೆ ಗೆರೆ ಉಳಿಯುತ್ತದೆ. ಬದಲಾಗದ ಕಡೆ ಬಿಳಿ. ಎಲ್ಲ 22 ಫ್ರೇಮುಗಳೂ ನಿಮಿಷದೊಳಗೆ ಮುಗಿದವು. ನಮಗೆ ಖುಷಿಯೋ ಖುಷಿ.

ಸಾಲಾಗಿ ಇಟ್ಟು ನೋಡಿದಾಗ ಖುಷಿ ಇಳಿಯಿತು. ಕಾರಿಡಾರಿನ 3ನೇ ಫ್ರೇಮ್ ಚೆನ್ನಾಗಿತ್ತು. ಬಾಗಿಲು, ನೆಲದ ಗೆರೆ, ದೂರದ ಕಿಟಕಿ ಎಲ್ಲ ಸ್ಪಷ್ಟ. ಕಿಟಕಿಯಾಚೆ ಮರ ಕಾಣುವ 5ನೇ ಫ್ರೇಮಿನಲ್ಲಿ ಮಾತ್ರ ಎಲೆಗೊಂದು ಗೆರೆ ಬಂದು ಅರ್ಧ ಚಿತ್ರ ಬರೀ ಗೀಚು. ಹುಡುಗಿ ಖಾಲಿ ಗೋಡೆಗೆ ಒರಗುವ 9ನೇ ಫ್ರೇಮಿನಲ್ಲಿ ಗೋಡೆ ಮಾಯ. ಗೋಡೆಯ ಮೂಲೆಯ ಎರಡೂ ಪಕ್ಕಕ್ಕೆ ಒಂದೇ ಬೆಳಕು ಬಿದ್ದಿತ್ತು, ಅದಕ್ಕೇ ಅಲ್ಲಿ ಗೆರೆಯೇ ಹುಟ್ಟಲಿಲ್ಲ. ಮಬ್ಬು ಬೆಳಕಿನಲ್ಲಿ ತೆಗೆದ 17ರಲ್ಲಿ ಪೂರ್ತಿ ಚಿತ್ರಕ್ಕೆ ಮರಳು ಎರಚಿದ ಹಾಗೆ ಚುಕ್ಕಿ.

ಕಾರಣ ಒಂದೇ. ಫಿಲ್ಟರಿಗೆ ಬಾಗಿಲು, ಮರ, ಮನುಷ್ಯ ಅಂತೆಲ್ಲ ಗೊತ್ತಿಲ್ಲ. ಅದಕ್ಕೆ ಕಾಣುವುದು ಬೆಳಕಿನ ವ್ಯತ್ಯಾಸ ಮಾತ್ರ. ಚಿತ್ರಗಾರ ಎಲೆ ಎಣಿಸದೆ ಮರದ ಆಕಾರ ಎಳೆಯುತ್ತಾನೆ. ಗೋಡೆಯ ಮೂಲೆ ಕಾಣದಿದ್ದರೂ ಅಲ್ಲಿದೆ ಅಂತ ಗೊತ್ತಿದ್ದು ಎಳೆಯುತ್ತಾನೆ. ಒಂದೇ ಫಿಲ್ಟರ್ ಹಾಕಿದರೆ ಒಂದೇ ಶೈಲಿ ಬರುತ್ತದೆ ಅನ್ನೋದು ಬರೀ ನಂಬಿಕೆ. ಒಂದೇ ಆಗಿರುವುದು ಸೆಟ್ಟಿಂಗ್, ಚಿತ್ರ ಅಲ್ಲ.

ಫಿಲ್ಟರ್ ದಾರಿಯಲ್ಲಿ ಇನ್ನೂ ಎರಡು ಕಡೆ ಎಡವಬಹುದು. ಮೇಲಿನ ಸಾಲಿನ `0x6` ಪಿಕ್ಸೆಲ್ ಲೆಕ್ಕ. ಫೋಟೋಗಳ ಅಳತೆ ಬೇರೆ ಬೇರೆ ಇದ್ದರೆ ಅದೇ ಸಂಖ್ಯೆಗೆ ಗೆರೆಯ ದಪ್ಪವೂ ಬೇರೆ ಬೇರೆ. ಇನ್ನೊಂದು, `-normalize` ಮತ್ತು ಫೋನಿನ ಆಟೋ ಬಟನ್‌ಗಳು. ಇವು ಪ್ರತಿ ಫೋಟೋವನ್ನೂ ಬೇರೆ ಬೇರೆಯಾಗಿ ನೋಡಿ, ಅದರಲ್ಲಿರುವ ಅತಿ ಕಪ್ಪನ್ನು ಪೂರ್ತಿ ಕಪ್ಪಿಗೂ ಅತಿ ಬಿಳಿಯನ್ನು ಪೂರ್ತಿ ಬಿಳಿಗೂ ಎಳೆಯುತ್ತವೆ. ಸಂಜೆಯ ಮೆಟ್ಟಿಲು ಮಧ್ಯಾಹ್ನದ ಮೆಟ್ಟಿಲಾಗುತ್ತದೆ.

ಹಾಗಂತ ಫಿಲ್ಟರ್ ದಂಡ ಅಂತ ನಾನು ಹೇಳುವುದಿಲ್ಲ. ನಿಮ್ಮ ಕಥೆ ಒಂದೇ ಕೋಣೆಯೊಳಗೆ, ಒಂದೇ ಬೆಳಕಿನಲ್ಲಿ ಮುಗಿದರೆ ಇದರಲ್ಲೇ ಕೆಲಸ ಆಗಬಹುದು. ಅದಲ್ಲದೆ ಫಿಲ್ಟರಿಗೆ ಗೆರೆಗಿಂತ ಚೆನ್ನಾಗಿ ಒಗ್ಗುವ ಇನ್ನೊಂದು ಕೆಲಸವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಗದ ಮತ್ತು ಪೆನ್ನು

ಎರಡನೇ ಪ್ರಯತ್ನದಲ್ಲಿ ಫೋಟೋಗಳನ್ನು 16 × 9 ಸೆಂ.ಮೀ. ಅಳತೆಗೆ, ತುಂಬ ತಿಳಿಯಾಗಿ ಪ್ರಿಂಟ್ ತೆಗೆದೆವು. ಪ್ರಿಂಟ್ ಗಾಢವಾಗಿದ್ದರೆ ನಿಮ್ಮ ಗೆರೆ ಎಲ್ಲಿ, ಫೋಟೋದ ನೆರಳು ಎಲ್ಲಿ ಅಂತ ಗೊತ್ತಾಗುವುದಿಲ್ಲ. ಕಿಟಕಿ ಗಾಜಿಗೆ ಪ್ರಿಂಟ್ ಅಂಟಿಸಿ, ಮೇಲೆ ಸಾದಾ ಕಾಗದ ಅಂಟಿಸಿ ಎಳೆದೆವು. ಲೈಟ್ ಬಾಕ್ಸ್ ಇದ್ದರೆ ಭುಜ ನೋಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಕಾಗದದ್ದೊಂದು ಒಳ್ಳೆ ಗುಣ ಇದೆ. ಅದರಲ್ಲಿ ಜೂಮ್ ಇಲ್ಲ. ಸಣ್ಣ ಫ್ರೇಮಿನಲ್ಲಿ ಪೆನ್ನು ಹಿಡಿದವರು ತಾವಾಗೇ ಸಣ್ಣಪುಟ್ಟದ್ದನ್ನು ಬಿಡುತ್ತಾರೆ. ಪೆನ್ನಿನ ತುದಿಯೂ ಶಿಸ್ತು ಕಲಿಸುತ್ತದೆ. ಹತ್ತಿರದ ವಸ್ತುವಿಗೆ 0.8, ನಡುವಿನದಕ್ಕೆ 0.4, ದೂರದ್ದಕ್ಕೆ 0.1 ಅಂತ ಮೂರು ಪೆನ್ನು ಇಟ್ಟುಕೊಂಡರೆ ಆಳ ತಾನಾಗೇ ಬರುತ್ತದೆ.

ತೊಂದರೆ ಬಂದದ್ದು ನಮ್ಮಿಂದಲೇ. ಮೂವರು ಕೂತು ಹಂಚಿಕೊಂಡೆವು. ಒಬ್ಬ ಬಾಗಿಲಿನ ಚಿಲಕ, ಸ್ಕ್ರೂ ಎಲ್ಲ ಬರೆದ. ಇನ್ನೊಬ್ಬಳು ಬಾಗಿಲಿಗೆ ನಾಲ್ಕು ಗೆರೆ ಎಳೆದು ಮುಂದಕ್ಕೆ ಹೋದಳು. ನಾನು ಗೆರೆಯನ್ನು ಒಂದೇ ಸಲ ಎಳೆಯುವ ಧೈರ್ಯವಿಲ್ಲದೆ ಚೂರು ಚೂರಾಗಿ ಎಳೆದೆ. ಫ್ರೇಮುಗಳನ್ನು ಒಟ್ಟಿಗೆ ಇಟ್ಟಾಗ ಯಾರದು ಯಾವುದು ಅಂತ ದೂರದಿಂದಲೇ ಹೇಳಬಹುದಿತ್ತು. ಅದರ ಮೇಲೆ ನಿರ್ದೇಶಕ 11ನೇ ಶಾಟಿನಲ್ಲಿ ಹುಡುಗಿ ಎಡಗಡೆ ಬರಲಿ ಅಂದ. ಕಾಗದದಲ್ಲಿ ಅದಕ್ಕೆ ಅರ್ಥ, ಮತ್ತೆ ಮೊದಲಿಂದ.

ಒಬ್ಬರೇ ಬರೆಯುವುದಾದರೆ, ಫ್ರೇಮುಗಳು ಕಡಿಮೆ ಇದ್ದರೆ, ಶಾಟುಗಳು ಆಗಲೇ ತೀರ್ಮಾನ ಆಗಿದ್ದರೆ ಕಾಗದವೇ ಸರಿ. ಕಂಪ್ಯೂಟರಿಗೆ ತೆಗೆದುಕೊಳ್ಳುವಾಗ ಸ್ಕ್ಯಾನ್ ಮಾಡಿ. ಫೋನಿನಲ್ಲಿ ಫೋಟೋ ಹೊಡೆದರೆ ಒಂದೊಂದು ಹಾಳೆಗೆ ಒಂದೊಂದು ಬಣ್ಣದ ಬೆಳಕು ಬಿದ್ದು, ಅಷ್ಟು ಹೊತ್ತು ಕಾಪಾಡಿದ ಒಂದೇ ರೂಪ ಅಲ್ಲೇ ಹೋಗುತ್ತದೆ.

ಲೇಯರ್ ಮೇಲೆ ಎಳೆಯುವುದು

ಮೂರನೆಯದಕ್ಕೆ ಕ್ರಿಟಾ ಅನ್ನುವ ಚಿತ್ರ ಬರೆಯುವ ಪ್ರೋಗ್ರಾಮ್ ಬಳಸಿದೆವು. ಉಚಿತ. 2021ರ ಕೊನೆಗೆ ಬಂದ 5.0 ಆವೃತ್ತಿಯಿಂದ ಅದರಲ್ಲಿ ಸ್ಟೋರಿಬೋರ್ಡಿಗೇ ಅಂತ ಒಂದು ಡಾಕರ್, ಅಂದರೆ ಪಕ್ಕದಲ್ಲಿ ತೆರೆದಿಡುವ ಪ್ಯಾನೆಲ್, ಕೂಡ ಇದೆ. ಆದರೆ ಯಾವ ಪ್ರೋಗ್ರಾಮಾದರೂ ನಡೆಯುತ್ತದೆ. ಲೇಯರ್ ಇರಬೇಕು, ಬ್ರಷ್ಷನ್ನು ಉಳಿಸಿಟ್ಟುಕೊಳ್ಳಲು ಬರಬೇಕು.

ಈ ಸಲ ಎಳೆಯುವ ಮೊದಲು ಒಂದು ಖಾಲಿ ಫೈಲ್ ತಯಾರಿಸಿದೆವು. ಕೆಳಗೆ ಫೋಟೋ, 30 ಶೇಕಡಾ ಅಪಾರದರ್ಶಕತೆಯಲ್ಲಿ, ಲಾಕ್ ಮಾಡಿ. ಅದರ ಮೇಲೆ ಬೂದು ಬಣ್ಣದ ಲೇಯರ್. ಅದರ ಮೇಲೆ ಜಾಗದ ಗೆರೆ. ಅದರ ಮೇಲೆ ಪಾತ್ರ. ಎಲ್ಲಕ್ಕಿಂತ ಮೇಲೆ ಬಾಣದ ಗುರುತು, ಒಂದೇ ಕೆಂಪು ಬಣ್ಣದಲ್ಲಿ. ಬ್ರಷ್ ಮೂರೇ: 8, 4, 2 ಪಿಕ್ಸೆಲ್. ಹತ್ತಿರ, ನಡು, ದೂರ. ಒತ್ತಿದಷ್ಟೂ ದಪ್ಪವಾಗುವ ಸೌಲಭ್ಯವನ್ನು ಆಫ್ ಮಾಡಿದೆವು. ಒಬ್ಬೊಬ್ಬರ ಕೈ ಒತ್ತಡ ಒಂದೊಂದು ಥರ, ಅದೇ ತಾನೇ ಕಾಗದದಲ್ಲಿ ಕೈಕೊಟ್ಟದ್ದು! ಗೆರೆ ನಡುಗದಿರಲು ಸ್ಟೆಬಿಲೈಸರ್ ಆನ್ ಮಾಡಿದೆವು. ಮೂವರ ಕಂಪ್ಯೂಟರಿನಲ್ಲೂ ಅದೇ ಫೈಲ್, ಅವೇ ಬ್ರಷ್ಷುಗಳು.

ಜೂಮ್ ಬಗ್ಗೆ ಕಟ್ಟುನಿಟ್ಟು ಬೇಕು. ಪೂರ್ತಿ ಫ್ರೇಮ್ ಪರದೆಯಲ್ಲಿ ಕಾಣುವಷ್ಟರಲ್ಲೇ ಎಳೆಯಬೇಕು. ಜೂಮ್ ಮಾಡಿದ ತಕ್ಷಣ ಸ್ವಿಚ್ ಬೋರ್ಡಿನ ಸ್ವಿಚ್ಚುಗಳು ಕಾಣುತ್ತವೆ. ಕಂಡದ್ದನ್ನು ಎಳೆಯದೆ ಇರಲು ಆಗುವುದಿಲ್ಲ. ಆಮೇಲೆ ನೋಡುವವರ ಕಣ್ಣು ಹುಡುಗಿಯ ಬದಲು ಸ್ವಿಚ್ ಬೋರ್ಡಿಗೆ ಹೋಗುತ್ತದೆ.

ಏನನ್ನು ಬಿಡಬೇಕು ಅನ್ನುವುದಕ್ಕೂ ಒಂದು ಒಪ್ಪಂದ ಮಾಡಿಕೊಂಡೆವು. ಗೋಡೆ ಗೋಡೆಗೆ, ಗೋಡೆ ನೆಲಕ್ಕೆ ಸೇರುವ ಅಂಚು ಕಾಣದಿದ್ದರೂ ಎಳೆಯಬೇಕು. ಬಾಗಿಲು ಕಿಟಕಿಗೆ ಹೊರ ಚೌಕಟ್ಟು ಮಾತ್ರ. ಮರಕ್ಕೆ ಹೊರ ಆಕಾರ. ನೆಲದ ಟೈಲ್ಸಿನಲ್ಲಿ ದೂರಕ್ಕೆ ಓಡುವ ಮೂರು ನಾಲ್ಕು ಗೆರೆ ಸಾಕು. ಪಾತ್ರ ಮುಟ್ಟುವ ವಸ್ತುವಿಗೆ ಮಾತ್ರ ಪೂರ್ತಿ ವಿವರ: ಬೀಗದಕೈ, ಚಿಲಕ, ಮೆಟ್ಟಿಲ ಕಂಬಿ. ನನ್ನ ಪ್ರಕಾರ ಫ್ರೇಮುಗಳು ಒಂದೇ ಥರ ಕಾಣುವುದಕ್ಕೆ ಬ್ರಷ್ಷಿಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ಪಟ್ಟಿ. ಕಾಗದದ ಸಲವೂ ಇದಿದ್ದಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ಮೌಸ್‌ನಲ್ಲಿ ಎಳೆಯಬಹುದಾ? ಗೋಡೆ, ಬಾಗಿಲಿಗೆ ಆಗುತ್ತದೆ, ನೇರ ಗೆರೆಯ ಟೂಲ್ ಇದೆಯಲ್ಲ. ಪಾತ್ರಕ್ಕೆ ಕಷ್ಟ. ನಾವು ಒಂದು ಪೆನ್ ಟ್ಯಾಬ್ಲೆಟ್ ಎರವಲು ತಂದು, ಪಾತ್ರಗಳನ್ನೆಲ್ಲ ಒಬ್ಬಳಿಗೇ ಬಿಟ್ಟೆವು. ಜಾಗವನ್ನು ಇಬ್ಬರು, ಪಾತ್ರವನ್ನು ಒಬ್ಬರು. ಹಂಚಿಕೊಳ್ಳುವುದಾದರೆ ಹೀಗೆ ಹಂಚಿಕೊಳ್ಳಿ, ಫ್ರೇಮ್ ಲೆಕ್ಕದಲ್ಲಿ ಬೇಡ. ಗೋಡೆಯ ಗೆರೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಖ, ಭುಜ ಬೇರೆಯಾದರೆ ತಕ್ಷಣ ಗೊತ್ತಾಗುತ್ತದೆ.

ಖಾಲಿ ಫೋಟೋದಲ್ಲಿ ಪಾತ್ರ ಎಷ್ಟು ಎತ್ತರ?

ಲೊಕೇಶನ್ ಫೋಟೋದಲ್ಲಿ ನಟಿ ಇರುವುದಿಲ್ಲ. ಅಂದಾಜಿನಲ್ಲಿ ಬರೆದರೆ ಒಂದು ಫ್ರೇಮಿನಲ್ಲಿ ಬಾಗಿಲಿನಷ್ಟು ಎತ್ತರ, ಇನ್ನೊಂದರಲ್ಲಿ ಚಿಲಕದಷ್ಟು. ಇಲ್ಲಿ ಬರೆದಿಟ್ಟ ಕ್ಯಾಮೆರಾ ಎತ್ತರ ಕೆಲಸಕ್ಕೆ ಬರುತ್ತದೆ.

ನೆಲ ಸಮತಟ್ಟಾಗಿದ್ದು ಕ್ಯಾಮೆರಾ ನೆಟ್ಟಗಿದ್ದರೆ, ದಿಗಂತದ ಗೆರೆ ಪ್ರತಿಯೊಬ್ಬರನ್ನೂ ಕ್ಯಾಮೆರಾದ ಎತ್ತರದಲ್ಲೇ ಕತ್ತರಿಸುತ್ತದೆ, ಅವರು ಹತ್ತಿರ ಇರಲಿ ದೂರ ಇರಲಿ. ನಮ್ಮ ಕ್ಯಾಮೆರಾ 1.1 ಮೀಟರ್ ಎತ್ತರದಲ್ಲಿತ್ತು. ನಟಿ 1.65 ಮೀಟರ್. ಅಂದರೆ ದಿಗಂತ ಅವಳ ಮೂರನೇ ಎರಡು ಭಾಗದ ಎತ್ತರದಲ್ಲಿ ಹಾಯುತ್ತದೆ. ಕಾರಿಡಾರಿನ ನೆಲದ ಎರಡು ಅಂಚುಗಳನ್ನು ಮುಂದಕ್ಕೆ ಎಳೆದೆವು. ಅವು ಕೂಡುವ ಜಾಗದಲ್ಲಿ ಒಂದು ಅಡ್ಡ ಗೆರೆ. ಅದೇ ದಿಗಂತ. ಅವಳು ನಿಲ್ಲುವ ಜಾಗದಲ್ಲಿ ಪಾದದ ಗುರುತು ಹಾಕಿ, ಅಲ್ಲಿಂದ ದಿಗಂತದವರೆಗೆ ಅಳೆದು ಒಂದೂವರೆಯಿಂದ ಗುಣಿಸಿದರೆ ಅವಳ ಪೂರ್ತಿ ಎತ್ತರ. 4ನೇ ಫ್ರೇಮಿನಲ್ಲಿ ಪಾದದಿಂದ ದಿಗಂತಕ್ಕೆ 240 ಪಿಕ್ಸೆಲ್ ಇತ್ತು, ಅವಳು 360 ಪಿಕ್ಸೆಲ್ ಆದಳು. 6ರಲ್ಲಿ ಹತ್ತಿರ ಬರುತ್ತಾಳೆ, ಅಲ್ಲಿ 400ಕ್ಕೆ 600.

ಮೆಟ್ಟಿಲ ಮೇಲೆ ಈ ಲೆಕ್ಕ ನಡೆಯುವುದಿಲ್ಲ, ನೆಲವೇ ಮೇಲಕ್ಕೆ ಹೋಗುತ್ತದಲ್ಲ. ಅಲ್ಲಿ ಒಂದು ಮೆಟ್ಟಿಲಿನ ಎತ್ತರ ಟೇಪ್ ಹಿಡಿದು ಅಳೆದೆವು. 16.5 ಸೆಂ.ಮೀ. ಅವಳ ಎತ್ತರ ಸರಿಯಾಗಿ ಹತ್ತು ಪಟ್ಟು. ಚಿತ್ರದಲ್ಲಿ ಅವಳು ನಿಂತಿರುವ ಮೆಟ್ಟಿಲಿನ ಎತ್ತರವನ್ನು ಅಳೆದು ಹತ್ತರಿಂದ ಗುಣಿಸಿದೆವು. ಬೇರೆ ಮೆಟ್ಟಿಲು ಹಿಡಿದರೆ ತಪ್ಪುತ್ತದೆ. ದೂರ ಹೋದಂತೆ ಮೆಟ್ಟಿಲೂ ಸಣ್ಣದಾಗುತ್ತದೆ.

ಬೂದು ಬಣ್ಣವನ್ನು ಫಿಲ್ಟರಿಗೆ ಬಿಡಿ

ಈಗ ಆಗ ಹೇಳಿದ ಮಾತಿಗೆ ಬರುತ್ತೇನೆ. ಗೆರೆಗೆ ಸೋತ ಫಿಲ್ಟರ್ ನೆರಳಿಗೆ ಚೆನ್ನಾಗಿ ಒದಗಿತು. ನೆರಳು ಅಂದರೆ ಬೆಳಕಿನ ವ್ಯತ್ಯಾಸವೇ ತಾನೇ. ಮೂರು ಬಣ್ಣ ಸಾಕು ಅಂತ ಇಟ್ಟುಕೊಂಡೆವು: ಬಿಳಿ, ನಡು ಬೂದು, ಗಾಢ ಬೂದು. ಅಚ್ಚ ಕಪ್ಪು ಗೆರೆಗೆ ಮಾತ್ರ ಮೀಸಲು.

```
magick 07.png -colorspace Gray -blur 0x8 -level 10%,90% +dither -posterize 3 +level 35%,100% 07-tone.png
```

ಮೊದಲು ಮಸುಕು ಮಾಡುವುದರಿಂದ ಎಲೆ, ಟೈಲ್ಸ್, ಚುಕ್ಕಿ ಎಲ್ಲ ಕರಗಿ ದೊಡ್ಡ ದೊಡ್ಡ ನೆರಳು ಮಾತ್ರ ಉಳಿಯುತ್ತದೆ. `-level` ಸಂಖ್ಯೆ ಎಲ್ಲ ಫ್ರೇಮಿಗೂ ಒಂದೇ, ಹಾಗಾಗಿ ಸಂಜೆ ಸಂಜೆಯಾಗೇ ಇರುತ್ತದೆ. `+dither` ಮರೆತರೆ ಸಾದಾ ಬೂದು ಬರಬೇಕಾದ ಕಡೆ ಚುಕ್ಕಿಗಳು ಬರಬಹುದು. ಕೊನೆಯ `+level` ಕಪ್ಪನ್ನು ಗಾಢ ಬೂದಿಗೆ ಎತ್ತುತ್ತದೆ, ಇಲ್ಲದಿದ್ದರೆ ಗೆರೆ ನೆರಳಲ್ಲಿ ಮುಳುಗುತ್ತದೆ. ಈ ಚಿತ್ರವನ್ನು ಬೂದು ಲೇಯರಿಗೆ ಹಾಕಿ, ಫೋಟೋ ಲೇಯರನ್ನು ಆಫ್ ಮಾಡಿ.

ಒಂದು ಮಿತಿ ಇದೆ. ಫೋಟೋ ತೆಗೆದ ಹೊತ್ತು ಮತ್ತು ಕಥೆಯ ಹೊತ್ತು ಒಂದೇ ಆಗಿರಬೇಕು. ನಮ್ಮ ಮೇಲಿನ ಕೋಣೆಯ ಫೋಟೋಗಳು ಬೆಳಿಗ್ಗೆ ತೆಗೆದವು. ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದಿತ್ತು. ಅದಕ್ಕೆ ಫಿಲ್ಟರ್ ಬಿಟ್ಟು, ಅವೇ ಎರಡು ಬೂದುಗಳಲ್ಲಿ ಕೈಯಿಂದ ತುಂಬಿದೆವು. ಐದು ಫ್ರೇಮ್ ಅಷ್ಟೇ.

ಹೊಂದಿದೆಯಾ ಅಂತ ನೋಡೋದು ಹೇಗೆ

ಒಂದೊಂದೇ ಫ್ರೇಮ್ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತವೆ. ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ:

```
magick montage final-*.png -tile 4x -geometry 480x270+8+8 sheet.png
```

ಎರಡು ಮೂರು ಹೆಜ್ಜೆ ಹಿಂದೆ ನಿಂತು, ಕಣ್ಣು ಕಿರಿದು ಮಾಡಿ ನೋಡಿ. ಯಾವ ಫ್ರೇಮ್ ಮೊದಲು ಕಣ್ಣಿಗೆ ಬೀಳುತ್ತದೋ ಅದನ್ನು ಕೇಳಿ: ಕಥೆಯಲ್ಲಿ ಇದು ಎದ್ದು ಕಾಣಬೇಕಾದ ಕ್ಷಣವಾ? ನಮ್ಮಲ್ಲಿ 14ನೆಯದು ಎದ್ದು ಕಂಡಿತು. ಮೆಟ್ಟಿಲ ಕಂಬಿಯ ಎಲ್ಲ ಸರಳುಗಳನ್ನೂ 8 ಪಿಕ್ಸೆಲ್ ಬ್ರಷ್ಷಿನಲ್ಲಿ ಎಳೆದಿದ್ದರು. ದೂರದ ಸರಳುಗಳನ್ನು 2ಕ್ಕೆ ಇಳಿಸಿದ ಮೇಲೆ ಸಾಲಿಗೆ ಸೇರಿತು. 20ನೆಯದೂ ಎದ್ದು ಕಂಡಿತು. ಮೇಜಿನ ಮೇಲೆ ಬೀಗದಕೈ, ಸುತ್ತ ಬರೀ ಬಿಳಿ. ಅದನ್ನು ಹಾಗೇ ಬಿಟ್ಟೆವು.

ಆಯ್ಕೆ ಮಾಡುವವರಿಗೆ ನನ್ನ ಲೆಕ್ಕ ಇದು. ನಮ್ಮ ಕೈಯಲ್ಲಿ ಕಾಗದದ ಫ್ರೇಮಿಗೆ ಅರ್ಧ ಗಂಟೆ ಹಿಡಿಯಿತು, ಲೇಯರ್ ಮೇಲೆ ಹದಿನೈದಿಪ್ಪತ್ತು ನಿಮಿಷ. ಫಿಲ್ಟರ್ ಫ್ರೇಮಿಗೆ ಕ್ಷಣ ಸಾಕು, ಆದರೆ ಕೆಟ್ಟ ಫ್ರೇಮನ್ನು ಅಳಿಸಿ ತಿದ್ದಲು ಹೋದರೆ ಹೊಸದಾಗಿ ಎಳೆಯುವಷ್ಟೇ ಹೊತ್ತು. ಬದಲಾವಣೆ ಬರುವುದು ಖಚಿತವಾಗಿದ್ದರೆ ಲೇಯರ್ ಹಿಡಿಯಿರಿ. ಕಾಗದದಲ್ಲಿ ಮತ್ತೆ ಮೊದಲಿಂದ ಬರೆಯಬೇಕಾಗಿದ್ದ ಆ 11ನೇ ಶಾಟನ್ನು ಇಲ್ಲಿ ಪಾತ್ರದ ಲೇಯರನ್ನು ಎಡಕ್ಕೆ ಸರಿಸಿ ಮುಗಿಸಿದೆವು. ಆಮೇಲೆ ನಿರ್ದೇಶಕ ಬಂದು, ಬಲಗಡೆಯೇ ಚೆನ್ನಾಗಿತ್ತು ಅಂದ.